ಬಿಡೋದು, ಬಿಡೋದಿಲ್ಲ: ಲೈವ್ ವಿಡಿಯೋದ ಕನ್ನಡ ಕ್ಯಾಪ್ಷನ್ ಎಷ್ಟು ತಡವಾಗಿ ಬರಬೇಕು?

ಮಂಡ್ಯದ ಒಂದು ಸಮುದಾಯ ಭವನದಲ್ಲಿ ರೈತರ ಸಭೆ ಇತ್ತು. ವಿಷಯ ನಾಲೆ ನೀರು. ಸಭೆಯನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸುವ ಕೆಲಸ ನನ್ನದು. ಕಿವಿ ಮಂದವಾದ ಹಿರಿಯರು ಜಾಸ್ತಿ ಬರುತ್ತಾರೆ ಅಂತ ವೇದಿಕೆಯ ಪಕ್ಕದ ಟಿವಿಯಲ್ಲಿ ಕನ್ನಡ ಕ್ಯಾಪ್ಷನ್ ಓಡಿಸಿದ್ದೆ. ಮಾತು ಬಾಯಿಂದ ಬಿದ್ದ ಒಂದು ಸೆಕೆಂಡಿಗೆ ಅಕ್ಷರ ಬರಬೇಕು ಅನ್ನುವುದು ನನ್ನ ಹಟ.

ವೇದಿಕೆ ಮೇಲಿದ್ದವರು ಹೇಳಿದರು: "ಈ ಸಲ ವಿ.ಸಿ. ನಾಲೆಗೆ ಗುರುವಾರದಿಂದ ನೀರು ಬಿಡೋದಿಲ್ಲ." ಟಿವಿಯಲ್ಲಿ ಮೊದಲು ಬಂದಿದ್ದು "ನೀರು ಬಿಡೋದು". ಮರುಕ್ಷಣ ಅದು "ಬಿಡೋದಿಲ್ಲ" ಅಂತ ಸರಿಯಾಯಿತು. ಆದರೆ ಮುಂದಿನ ಸಾಲಲ್ಲಿ ಕೂತಿದ್ದ ನಮ್ಮ ಚಿಕ್ಕಪ್ಪ ಅಷ್ಟರಲ್ಲಿ ಪಕ್ಕದವರ ಕಡೆ ತಿರುಗಿ, "ಗುರುವಾರ ನೀರ್ ಬುಡ್ತಾರಂತೆ ಕಣಯ್ಯ" ಅಂದುಬಿಟ್ಟಿದ್ದರು. ಸಭೆ ಮುಗಿದ ಮೇಲೆ ಅವರು ನನಗೆ ಹೇಳಿದ್ದು ಇಷ್ಟೇ: "ಬರ್ದು ಅಳಿಸಿ ಬರೀತಿದ್ರೆ ಯಾವ್ದನ್ನ ನಂಬೋದು ಮಗಾ? ವಸಿ ತಡ ಆದ್ರೂ ಸರಿಯಾಗ್ ಬರ್ಲಿ."

ಆ 'ವಸಿ ತಡ' ಅಂದರೆ ಎಷ್ಟು? ಅದನ್ನು ಗೊತ್ತು ಮಾಡಿಕೊಳ್ಳುವುದಕ್ಕೇ ಈ ಹೋಲಿಕೆ. ನಿಮ್ಮ ಊರಿನ ಸಭೆಗೋ, ಹರಿಕಥೆಗೋ, ಕಾಲೇಜಿನ ಉಪನ್ಯಾಸಕ್ಕೋ ಲೈವ್ ಕ್ಯಾಪ್ಷನ್ ಹಾಕಬೇಕು ಅಂತಿದ್ದರೆ ಉಪಯೋಗಕ್ಕೆ ಬರುತ್ತದೆ.

ತಡ ಯಾಕೆ ಬೇಕು

ಮಾತನ್ನು ಅಕ್ಷರ ಮಾಡುವ ಮಾಡೆಲ್ ಪದವನ್ನು ಒಂದೊಂದಾಗಿ ಕೇಳಿ ಬರೆಯುವುದಿಲ್ಲ. ಒಂದು ತುಂಡು ಧ್ವನಿಯನ್ನು ಒಟ್ಟಿಗೆ ನೋಡಿ, ಹಿಂದೆ ಮುಂದೆ ಏನಿದೆ ಅಂತ ಲೆಕ್ಕ ಹಾಕಿ ಬರೆಯುತ್ತದೆ. ತುಂಡು ಚಿಕ್ಕದಾದಷ್ಟೂ ಬೇಗ ಬರೆಯುತ್ತದೆ. ಆದರೆ ತುಂಡಿನ ಅಂಚಿನಲ್ಲಿ ಪದ ಅರ್ಧಕ್ಕೆ ಕತ್ತರಿಸಿರುತ್ತದೆ. "ಬಿಡೋದಿ..." ಅಂತ ಧ್ವನಿ ನಿಂತರೆ ಮಾಡೆಲ್ ಅದನ್ನು ಅರ್ಧ ಬಿಡುವುದಿಲ್ಲ. ತನಗೆ ಗೊತ್ತಿರುವ ಹತ್ತಿರದ ಪೂರ್ತಿ ಪದಕ್ಕೆ ಎಳೆದು "ಬಿಡೋದು" ಅಂತ ಬರೆಯುತ್ತದೆ.

ಇಲ್ಲಿ ಕನ್ನಡದ ಒಂದು ಗುಣ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. 'ಇಲ್ಲ', 'ಬೇಡ', 'ಬಾರದು' ಅದಕ್ಕೂ ಕೊನೆಗೆ ಅಂಟಿಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ಇಲ್ಲ ಅನ್ನುವ ಮಾತು ಕ್ರಿಯಾಪದಕ್ಕಿಂತ ಮೊದಲೇ ಬಂದಿರುತ್ತದೆ. ಕನ್ನಡದಲ್ಲಿ ವಾಕ್ಯದ ಕಡೇ ಅರ್ಧ ಸೆಕೆಂಡ್ ಇಡೀ ಅರ್ಥವನ್ನು ತಿರುಗಿಸಬಹುದು. ಅದಕ್ಕೇ ಇಂಗ್ಲಿಷ್ ಕ್ಯಾಪ್ಷನ್ ಮಾಡುವವರು ಹೇಳುವ ಸೆಟ್ಟಿಂಗನ್ನು ಹಾಗೇ ತಂದು ಕನ್ನಡಕ್ಕೆ ಹಾಕಬೇಡಿ. ನಮಗೆ ಇನ್ನೊಂದು ಸ್ವಲ್ಪ ಕಾಯುವುದರಿಂದ ಸಿಗುವ ಲಾಭ ಜಾಸ್ತಿ.

ಮೊದಲು ಕೇಳಬೇಕಾದ್ದು: ಓದುವವರು ಎಲ್ಲಿ ಕೂತಿದ್ದಾರೆ?

ಎಷ್ಟು ತಡ ಸರಿ ಅನ್ನುವುದಕ್ಕೆ ಎಲ್ಲರಿಗೂ ಒಪ್ಪುವ ಒಂದು ಅಂಕಿ ಇಲ್ಲ. ಸಭಾಂಗಣದಲ್ಲಿ ಕೂತವರು ಮಾತಾಡುವವರ ಮುಖವನ್ನೂ ಟಿವಿಯನ್ನೂ ಒಟ್ಟಿಗೆ ನೋಡುತ್ತಾರೆ. ಎಲ್ಲರೂ ನಕ್ಕಾಗ ಅವರಿಗೂ ನಗಬೇಕು. ಅವರಿಗೆ ಏಳೆಂಟು ಸೆಕೆಂಡ್ ತಡ ಆದರೆ ಸಭೆಯಿಂದ ಹೊರಗೆ ಕೂತ ಹಾಗಾಗುತ್ತದೆ.

ಮನೆಯಲ್ಲಿ ಮೊಬೈಲಿನಲ್ಲಿ ನೋಡುವವರ ಸಂಗತಿಯೇ ಬೇರೆ. ಅವರಿಗೆ ವಿಡಿಯೋನೇ ತಡವಾಗಿ ಹೋಗುತ್ತಿರುತ್ತದೆ. ಲೈವ್ ವಿಡಿಯೋವನ್ನು ಸಾಮಾನ್ಯವಾಗಿ ಕೆಲವು ಸೆಕೆಂಡಿನ ತುಂಡು ಮಾಡಿ ಕಳಿಸುತ್ತಾರೆ. ಈ ಪದ್ಧತಿಯ ಹೆಸರು ಎಚ್‌ಎಲ್‌ಎಸ್. 6 ಸೆಕೆಂಡಿನ ತುಂಡಾದರೆ, ನೋಡುವ ಆಪ್ ಸುಮಾರು ಮೂರು ತುಂಡು ಹಿಂದಿನಿಂದ ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡ್ ಆಯಿತು. ಇನ್ನೊಂದು 8 ಸೆಕೆಂಡ್ ಸೇರಿದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಅವರಿಗೆ ಬೇಕಾದ್ದು ಬಾಯಿ ಆಡುವುದಕ್ಕೂ ಅಕ್ಷರ ಬರುವುದಕ್ಕೂ ಹೊಂದಿಕೆ, ಅಷ್ಟೇ.

ನಾಳೆ ರೆಕಾರ್ಡಿಂಗ್ ನೋಡುವವರಿಗಂತೂ ತಡದ ಮಾತೇ ಇಲ್ಲ. ಲೈವ್‌ನಲ್ಲಿ ಬಂದ ಅಕ್ಷರವನ್ನು ಬಿಸಾಕಿ, ಇಡೀ ಧ್ವನಿಯನ್ನು ನಿಧಾನವಾಗಿ ದೊಡ್ಡ ಮಾಡೆಲ್‌ಗೆ ಕೊಟ್ಟು, ಒಬ್ಬರು ಕೂತು ತಿದ್ದಿ, ಸಬ್‌ಟೈಟಲ್ ಫೈಲ್ ಹಾಕಿ. ಲೈವ್ ಅಕ್ಷರವನ್ನೇ ತಿದ್ದುವುದು ಸುಮ್ನೆ ಎರಡು ಪಟ್ಟು ಕೆಲಸ.

ಸಭಾಂಗಣಕ್ಕೆ: ತಕ್ಷಣ ತೋರಿಸುವುದೋ, ಎರಡು ಸಲ ಒಪ್ಪಿದ ಮೇಲೆ ತೋರಿಸುವುದೋ?

ನಿಜವಾದ ಕಷ್ಟ ಇರುವುದು ಇಲ್ಲಿ. ನಾನು ಆವತ್ತು ಬಳಸಿದ್ದು ವಿಸ್ಪರ್ ಮಾಡೆಲ್. ಓಪನ್‌ಎಐ 2022ರಲ್ಲಿ ಬಿಟ್ಟಿದ್ದು, ನಮ್ಮ ಕಂಪ್ಯೂಟರಿನಲ್ಲೇ ಪುಕ್ಕಟೆ ಓಡಿಸಬಹುದು. ಅದನ್ನು ಮೈಕಿಗೆ ಕಟ್ಟುವ ಸುಲಭ ದಾರಿ `whisper.cpp` ಜೊತೆಗೆ ಬರುವ ಈ ಕಮಾಂಡ್:

```
./build/bin/whisper-stream -m models/ggml-small.bin -l kn --step 1000 --length 8000
```

ಪ್ರತಿ 1 ಸೆಕೆಂಡಿಗೆ ಒಂದು ಸಲ, ಹಿಂದಿನ ಹೆಚ್ಚೆಂದರೆ 8 ಸೆಕೆಂಡ್ ತನಕದ ಧ್ವನಿ ನೋಡಿ ಬರೆ ಅಂತ ಇದರ ಅರ್ಥ. `-l kn` ಮರೆಯಬೇಡಿ. ಭಾಷೆ ಯಾವುದು ಅಂತ ಹೇಳದಿದ್ದರೆ ಈ ಕಮಾಂಡ್ ಇಂಗ್ಲಿಷ್ ಅಂದುಕೊಳ್ಳುತ್ತದೆ. ನೀನೇ ಕಂಡುಹಿಡಿ ಅಂತ `-l auto` ಕೊಟ್ಟರೆ ಕನ್ನಡವನ್ನು ತೆಲುಗು ಅಂದುಕೊಂಡು ತೆಲುಗು ಲಿಪಿಯಲ್ಲಿ ಬರೆಯುವ ಅಪಾಯ ಇದೆ.

ಹೀಗೆ ಓಡಿಸಿದರೆ ಪ್ರತಿ ಸೆಕೆಂಡಿಗೂ ಸಾಲು ಹೊಸದಾಗಿ ಬರೆಯಲ್ಪಡುತ್ತದೆ. ಕೊನೆಯ ಒಂದೆರಡು ಪದ ಕುಣಿಯುತ್ತಲೇ ಇರುತ್ತವೆ. ಚಿಕ್ಕಪ್ಪನಿಗೆ ಮೋಸ ಮಾಡಿದ್ದು ಇದೇ.

ಇದಕ್ಕೆ ಬದಲಿ ಒಂದು ಸರಳ ಉಪಾಯ. ಒಂದು ಪದವನ್ನು ಒಂದಾದ ಮೇಲೊಂದು ಎರಡು ಓದಿನಲ್ಲಿ ಮಾಡೆಲ್ ಒಂದೇ ಥರ ಬರೆದರೆ ಮಾತ್ರ ತೋರಿಸುವುದು. ಒಂದು ಸಲ ತೋರಿಸಿದ್ದನ್ನು ಮತ್ತೆ ಮುಟ್ಟುವಂತಿಲ್ಲ. ಇದಕ್ಕೆ `LocalAgreement` ಅನ್ನುತ್ತಾರೆ. `whisper_streaming` ಅನ್ನುವ ತೆರೆದ ಕೋಡ್ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ನಮ್ಮ ನಾಲೆ ವಾಕ್ಯವನ್ನೇ ಇಟ್ಟುಕೊಂಡು ನೋಡೋಣ. ಮೊದಲ ಓದು 4ನೇ ಸೆಕೆಂಡಿಗೆ, ಆಮೇಲೆ ಪ್ರತಿ ಸೆಕೆಂಡಿಗೆ ಒಂದು ಓದು ಅಂದುಕೊಳ್ಳಿ.

4ನೇ ಸೆಕೆಂಡಿನ ಓದು: "ಈ ಸಲ ವಿಸಿ ನಾಲೆಗೆ ಗುರುವಾರ". ಹಿಂದಿನ ಓದು ಇಲ್ಲದ್ದರಿಂದ ಏನೂ ತೋರಿಸುವುದಿಲ್ಲ.

5ನೇ ಸೆಕೆಂಡ್: "ಈ ಸಲ ವಿಸಿ ನಾಲೆಗೆ ಗುರುವಾರದಿಂದ ನೀರು". ಎರಡೂ ಓದು 'ನಾಲೆಗೆ' ತನಕ ಒಂದೇ. ಅಲ್ಲಿವರೆಗೆ ತೋರಿಸುತ್ತದೆ. 'ಗುರುವಾರ' ಬದಲಾಗಿದೆ, ಆದ್ದರಿಂದ ಕೈಯಲ್ಲೇ ಇಟ್ಟುಕೊಳ್ಳುತ್ತದೆ.

6ನೇ ಸೆಕೆಂಡಿಗೆ ಓದು "...ಗುರುವಾರದಿಂದ ನೀರು ಬಿಡೋದು" ಅಂತ ಬರುತ್ತದೆ. 'ಗುರುವಾರದಿಂದ ನೀರು' ಈಗ ಟಿವಿಗೆ ಹೋಗುತ್ತದೆ. 'ಬಿಡೋದು' ಮೊದಲ ಸಲ ಬಂದಿದೆ, ಕಾಯಬೇಕು. 7ನೇ ಸೆಕೆಂಡಿಗೆ "ಬಿಡೋದಿಲ್ಲ" ಅಂತ ಬಂತು. ಹಿಂದಿನದಕ್ಕೆ ಹೊಂದಲಿಲ್ಲ, ಇನ್ನೂ ಕಾಯಬೇಕು. 8ನೇ ಸೆಕೆಂಡಿಗೂ "ಬಿಡೋದಿಲ್ಲ" ಅಂತಲೇ ಬಂತು. ಈಗ ತೋರಿಸುತ್ತದೆ.

ತಪ್ಪು ಪದ ಟಿವಿಗೆ ಬರಲೇ ಇಲ್ಲ, ನೋಡಿ. ಅದಕ್ಕೆ ನಾವು ಕೊಟ್ಟ ಬೆಲೆ ಎರಡು ಸೆಕೆಂಡ್. ಲೆಕ್ಕ ಹಾಕುವ ಸಮಯವೂ ಸೇರಿದರೆ ಒಂದು ಪದ ಬಾಯಿಂದ ಹೊರಟು ಟಿವಿಗೆ ಬರಲು ಮೂರರಿಂದ ನಾಲ್ಕು ಸೆಕೆಂಡ್ ಬೇಕು. ಸಭಾಂಗಣಕ್ಕೆ ನನ್ನ ಆಯ್ಕೆ ಇದೇ.

ಇದರಲ್ಲೂ ಎರಡು ತೂತು ಇವೆ. ಮಾಡೆಲ್ ಒಂದು ತಪ್ಪನ್ನು ಎರಡು ಸಲವೂ ಅದೇ ಥರ ಮಾಡಿದರೆ ತಪ್ಪು ಖಾಯಂ ಆಗುತ್ತದೆ, ಆಮೇಲೆ ತಿದ್ದುವುದಿಲ್ಲ. ಎರಡನೆಯದು, ಮಾತಾಡುವವರು ನಿಲ್ಲಿಸಿದಾಗ ಕೈಯಲ್ಲಿ ಉಳಿದ ಕೊನೆಯ ಪದವನ್ನು ಒಪ್ಪಿಗೆ ಇಲ್ಲದೆಯೇ ತೋರಿಸಬೇಕಾಗುತ್ತದೆ. ಕನ್ನಡದಲ್ಲಿ ಆ ಕೊನೆಯ ಪದವೇ ಮುಖ್ಯ ಅಲ್ವಾ? ಅದಕ್ಕೆ ಮಾತು ನಿಂತಿತು ಅಂತ ತೀರ್ಮಾನಿಸುವ ಮೌನದ ಅಳತೆಯನ್ನು ತೀರಾ ಕಡಿಮೆ ಇಡಬೇಡಿ. ನಾನು ಮುಕ್ಕಾಲು ಸೆಕೆಂಡ್ ಇಡುತ್ತೇನೆ. ಕಾಲು ಸೆಕೆಂಡ್ ಇಟ್ಟರೆ, "ನೀರು ಬಿಡೋದು... ಇಲ್ಲ" ಅಂತ ಎಳೆದು ಹೇಳುವವರ ಮಾತು ನಡುವೆಯೇ ತುಂಡಾಗುತ್ತದೆ.

ಒಪ್ಪಿಗೆ ಆಗದ ಪದವನ್ನು ಬೂದು ಬಣ್ಣದಲ್ಲಿ, ಆದದ್ದನ್ನು ಬಿಳಿಯಲ್ಲಿ ತೋರಿಸುವವರೂ ಇದ್ದಾರೆ. ಕಂಪ್ಯೂಟರ್ ಬಳಸಿ ರೂಢಿ ಇರುವ ಓದುಗರಿಗೆ ಅದು ಸರಿ. ಹಿರಿಯರಿಗೆ ಬೇಡ. ದೂರದಿಂದ ಓದುವಾಗ ಎರಡು ಬಣ್ಣದ ವ್ಯತ್ಯಾಸ ಯಾರೂ ಗಮನಿಸುವುದಿಲ್ಲ, ಅಕ್ಷರ ಮಾತ್ರ ಓದುತ್ತಾರೆ.

ಬೇಗ ಬೇಗ ಓದಿಸಿದರೆ ಯಂತ್ರ ಹಿಂದೆ ಬೀಳುತ್ತದೆ

`step` ಅನ್ನು 1000ದಿಂದ 500ಕ್ಕೆ ಇಳಿಸಿದರೆ ತಡ ಅರ್ಧ ಆಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ವಿಸ್ಪರ್ ಹಾಗಲ್ಲ. ಅದನ್ನು ಕಟ್ಟಿರುವುದೇ 30 ಸೆಕೆಂಡಿನ ಅಳತೆಗೆ. ನೀವು 2 ಸೆಕೆಂಡ್ ಧ್ವನಿ ಕೊಟ್ಟರೂ ಉಳಿದ 28 ಸೆಕೆಂಡಿಗೆ ಮೌನ ತುಂಬಿ, ಪೂರ್ತಿ 30ಕ್ಕೆ ಲೆಕ್ಕ ಹಾಕುತ್ತದೆ. ಆದ್ದರಿಂದ `step` ಅರ್ಧ ಮಾಡಿದರೆ ಕೆಲಸ ಎರಡು ಪಟ್ಟು.

ಕನ್ನಡಕ್ಕೆ ಇನ್ನೂ ಒಂದು ಹೊರೆ ಇದೆ. ಮಾಡೆಲ್ ಬರೆಯುವುದು ಅಕ್ಷರದಲ್ಲಿ ಅಲ್ಲ, ಬೈಟುಗಳಿಂದ ಕಟ್ಟಿದ ಚೂರುಗಳಲ್ಲಿ. ಇಂಗ್ಲಿಷಿನ ಒಂದು ಸಾಮಾನ್ಯ ಪದ ಒಂದೇ ಚೂರು. ಕನ್ನಡದಲ್ಲಿ ಪ್ರತಿ ಅಕ್ಷರ, ಪ್ರತಿ ಸ್ವರ ಚಿಹ್ನೆಗೂ 3 ಬೈಟ್. 'ನಾಲೆಗೆ' ಅನ್ನುವ ಚಿಕ್ಕ ಪದಕ್ಕೇ 18 ಬೈಟ್ ಆಯಿತು, ಅದು ಹಲವು ಚೂರಾಗಿ ಒಡೆಯುತ್ತದೆ. ಚೂರು ಒಂದಾದ ಮೇಲೊಂದು ಬರೆಯಬೇಕು. ಹಾಗಾಗಿ ಅದೇ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಹಗುರವಾಗಿ ಓಡಿದರೂ ಕನ್ನಡ ಏದುಸಿರು ಬಿಡುತ್ತದೆ.

ಹಿಂದೆ ಬಿದ್ದಿದೆ ಅಂತ ತಿಳಿಯುವುದು ಹೇಗೆ? ಸಭೆ ಶುರುವಾದಾಗ ಒಮ್ಮೆ, ಅರ್ಧ ಗಂಟೆ ಕಳೆದ ಮೇಲೆ ಇನ್ನೊಮ್ಮೆ ಮೊಬೈಲಿನಲ್ಲಿ ಮಾತಾಡುವವರು ಮತ್ತು ಟಿವಿ ಎರಡೂ ಕಾಣುವ ಹಾಗೆ ಒಂದು ನಿಮಿಷ ವಿಡಿಯೋ ಹಿಡಿಯಿರಿ. ಮಾತಿನಲ್ಲಿ ಒಂದು ಅಂಕಿ ಬಂದ ಕ್ಷಣ, ಅದು ಟಿವಿಯಲ್ಲಿ ಕಂಡ ಕ್ಷಣ, ಎರಡನ್ನೂ ನೋಡಿ ಕಳೆಯಿರಿ. ಎರಡೂ ಸಲ 4 ಸೆಕೆಂಡ್ ಬಂದರೆ ಚೆನ್ನಾಗಿದೆ. ಮೊದಲು 4 ಇದ್ದದ್ದು ಆಮೇಲೆ 40 ಆಗಿದ್ದರೆ, ಒಂದು ಸೆಕೆಂಡಿನ ಧ್ವನಿಗೆ ಯಂತ್ರ ಒಂದು ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳುತ್ತಿದೆ. ಆ ಬಾಕಿ ಎಂದೂ ತೀರುವುದಿಲ್ಲ. ಕೆಲವು ಸಲಕರಣೆಗಳು ಹಿಂದೆ ಬೀಳುವ ಬದಲು ಧ್ವನಿಯನ್ನೇ ಬಿಟ್ಟುಬಿಡುತ್ತವೆ. ಆಗ ತಡ ಸರಿಯಾಗೇ ಕಾಣುತ್ತದೆ, ಆದರೆ ನಡುನಡುವೆ ಪದ ಮಾಯ. ಎರಡಕ್ಕೂ ಮದ್ದು ಒಂದೇ: `step` ಹೆಚ್ಚಿಸಿ, ಇಲ್ಲವೇ ಚಿಕ್ಕ ಮಾಡೆಲ್ ಹಾಕಿ. ನಾನು ಮೊದಲನೆಯದನ್ನು ಮಾಡುತ್ತೇನೆ. ಚಿಕ್ಕ ವಿಸ್ಪರ್ ಕನ್ನಡದಲ್ಲಿ ತೀರಾ ಎಡವುತ್ತದೆ.

ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗೇ ಕಟ್ಟಿರುವ ಇಂಡಿಕ್‌ಕನ್‌ಫಾರ್ಮರ್ ಮಾಡೆಲ್ ಇನ್ನೊಂದು ದಾರಿ. ಅದಕ್ಕೆ 30 ಸೆಕೆಂಡಿನ ಕಟ್ಟುಪಾಡಿಲ್ಲ, ಕೊಟ್ಟಷ್ಟೇ ಧ್ವನಿಗೆ ಲೆಕ್ಕ ಹಾಕುತ್ತದೆ. ಅದರ ಮೇಲೂ ಇದೇ 'ಎರಡು ಸಲ ಒಪ್ಪಿಗೆ' ಉಪಾಯ ಕಟ್ಟಬಹುದು. ಪೈಥಾನ್ ಗೊತ್ತಿರುವವರು ಜೊತೆಗಿದ್ದರೆ ಅದನ್ನೇ ಮೊದಲು ನೋಡಿ.

ಮನೆಯಲ್ಲಿ ನೋಡುವವರಿಗೆ: ವಿಡಿಯೋವನ್ನೇ ಹಿಡಿದಿಡಿ

ಇಲ್ಲಿ ಜನ ಮಾಡುವ ಒಂದು ತಪ್ಪು ಲೆಕ್ಕ ಇದೆ. "ಹೇಗೂ ಯೂಟ್ಯೂಬ್ 18 ಸೆಕೆಂಡ್ ತಡ, ನಮ್ಮ ಕ್ಯಾಪ್ಷನ್ 8 ಸೆಕೆಂಡ್ ತಡವಾದರೂ ಅದರೊಳಗೆ ಮುಚ್ಚಿಹೋಗುತ್ತದೆ" ಅಂತ. ಹೋಗುವುದಿಲ್ಲ. ಲೈವ್ ಕಳಿಸಲು ಬಳಸುವ ಒಬಿಎಸ್ ತಂತ್ರಾಂಶದಲ್ಲಿ ವಿಡಿಯೋ ಮೇಲೆ ಅಕ್ಷರ ಕೂರಿಸಿ ಕಳಿಸಿದರೆ ಎರಡೂ ಒಂದೇ ಗಾಡಿಯಲ್ಲಿ ಹೋಗುತ್ತವೆ. ಹೊರಡುವಾಗ ಇದ್ದ 8 ಸೆಕೆಂಡಿನ ಅಂತರ ತಲುಪಿದಾಗಲೂ ಇರುತ್ತದೆ.

ಅಂತರ ಮುಚ್ಚಬೇಕಾದರೆ ಅಕ್ಷರ ಕೂರಿಸುವ ಮೊದಲೇ ವಿಡಿಯೋ ಮತ್ತು ಧ್ವನಿಯನ್ನು ಅಷ್ಟು ಹೊತ್ತು ಹಿಡಿದಿಡಬೇಕು. ಒಬಿಎಸ್‌ನಲ್ಲಿ ಕ್ಯಾಮೆರಾಕ್ಕೆ `Video Delay (Async)` ಫಿಲ್ಟರ್ ಹಾಕಿ 8000 ಅಂತ ಕೊಡಿ. ಧ್ವನಿಗೆ `Advanced Audio Properties` ಒಳಗೆ `Sync Offset` ಅನ್ನು 8000 ಮಾಡಿ. ಎರಡೂ ಮಿಲಿಸೆಕೆಂಡಿನಲ್ಲಿ. ಮಾಡೆಲ್‌ಗೆ ಹೋಗುವ ಧ್ವನಿಗೆ ಮಾತ್ರ ತಡ ಇರಬಾರದು, ಅದು ಸೌಂಡ್ ಮಿಕ್ಸರಿನಿಂದ ನೇರ ಹೋಗಲಿ. ಹಿಡಿದಿಟ್ಟ ಚಿತ್ರಗಳು ಕಂಪ್ಯೂಟರಿನ ಮೆಮೊರಿಯಲ್ಲಿ ಬಿಚ್ಚಿದ ರೂಪದಲ್ಲೇ ಕೂರುತ್ತವೆ. 1080p ವಿಡಿಯೋಗೆ 30 ಫ್ರೇಮಿನ ಲೆಕ್ಕದಲ್ಲಿ 8 ಸೆಕೆಂಡಿಗೆ ಮುಕ್ಕಾಲು ಜಿಬಿಯಿಂದ ಒಂದು ಜಿಬಿ. 8 ಜಿಬಿಯ ಲ್ಯಾಪ್‌ಟಾಪಿನಲ್ಲಿ ಮಾಡೆಲ್ಲೂ ಓಡುತ್ತಿದ್ದರೆ 720pಗೆ ಇಳಿಸುವುದು ವಾಸಿ.

ಈಗ ಮಾಡೆಲ್‌ಗೆ ಇಡೀ ವಾಕ್ಯ ಮುಗಿಯುವ ತನಕ ಕಾಯುವ ಅವಕಾಶ ಸಿಕ್ಕಿತು. `whisper-stream`ನಲ್ಲಿ `--step 0` ಕೊಟ್ಟರೆ ಅದು ಗಡಿಯಾರ ನೋಡಿ ಕತ್ತರಿಸುವುದಿಲ್ಲ, ಮಾತು ನಿಂತ ಕಡೆ ಕತ್ತರಿಸುತ್ತದೆ. 'ಬಿಡೋದಿಲ್ಲ' ಅರ್ಧಕ್ಕೆ ತುಂಡಾಗುವ ಪ್ರಶ್ನೆಯೇ ಬಹುಪಾಲು ಹೋಯಿತು.

ಹಾಗಾದರೆ 8 ಯಾಕೆ, 30 ಸೆಕೆಂಡ್ ಕಾದರೆ ಇನ್ನೂ ಒಳ್ಳೆಯದಲ್ವಾ? ಕನ್ನಡಕ್ಕೆ ಅಲ್ಲ. ವಿಸ್ಪರ್ ಒಂದು ಸಲಕ್ಕೆ ಬರೆಯುವ ಚೂರಿಗೆ ಮಿತಿ ಇದೆ, ಮೂಲ ಕೋಡಿನಲ್ಲಿ 224. ಆಗಲೇ ಹೇಳಿದೆನಲ್ಲ, ನಮ್ಮ ಪದ ಹಲವು ಚೂರಾಗುತ್ತದೆ ಅಂತ. ಬಿರುಸಾಗಿ ಮಾತಾಡುವವರ 30 ಸೆಕೆಂಡಿನಲ್ಲಿ ಮಿತಿ ಮುಗಿದು, ಕೊನೆಯ ಮಾತು ಬರೆಯದೆ ನಿಂತುಬಿಡಬಹುದು. ಸಾಲಿನ ಶುರು ಚೆನ್ನಾಗಿದ್ದು ಬಾಲ ಇಲ್ಲ ಅಂತ ಕಂಡರೆ ಇದೇ ಕಾರಣ. 8ರಿಂದ 10 ಸೆಕೆಂಡ್ ಸಾಕು. 6ಕ್ಕಿಂತ ಕೆಳಗೆ ಹೋದರೆ ಉದ್ದ ವಾಕ್ಯ ಮುಗಿಯುವುದಿಲ್ಲ.

ಅಕ್ಷರ ಕೂರಿಸುವಾಗ ಒಂದು ಎಚ್ಚರ. ಟಿವಿಗಳಿಗಾಗಿ ಮಾಡಿದ ಹಳೇ 608 ಕ್ಯಾಪ್ಷನ್ ಪದ್ಧತಿಯಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಅದನ್ನು ಆರಿಸಬೇಡಿ. ಒಬಿಎಸ್‌ನ `Browser` ಸೋರ್ಸಿನಲ್ಲಿ ಒಂದು ಸಣ್ಣ ಪುಟ ತೆರೆದು ಅದರಲ್ಲಿ ಸಾಲು ತೋರಿಸಿ. ಬ್ರೌಸರಿನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. `Text (FreeType 2)` ಬಳಸಿದರೆ 'ಬಿಡೋದಿಲ್ಲ' ಅನ್ನುವುದರ 'ಲ್ಲ' ಒಡೆದು ಎರಡು ಅಕ್ಷರವಾಗಿ ಕಾಣಬಹುದು.

ಇರುವುದು ಒಂದೇ ಲ್ಯಾಪ್‌ಟಾಪ್, ಸಭಾಂಗಣಕ್ಕೂ ಮನೆಗೂ ಎರಡಕ್ಕೂ ಬೇಕು ಅಂದರೆ? ಎರಡು ಮಾಡೆಲ್ ಓಡಿಸಬೇಡಿ. ಸಭಾಂಗಣದ 'ಒಪ್ಪಿಗೆ' ಅಕ್ಷರವನ್ನೇ ಎರಡೂ ಕಡೆ ತೋರಿಸಿ, ಲೈವ್ ವಿಡಿಯೋವನ್ನು 4 ಸೆಕೆಂಡ್ ಮಾತ್ರ ಹಿಡಿದಿಡಿ.

ಕಾದರೂ ಸರಿಹೋಗದ ತಪ್ಪುಗಳು

ತಡ ಹೆಚ್ಚಿಸಿದರೆ ತುಂಡಾದ ಪದ, ವಾಕ್ಯದ ಕೊನೆ, ಅಕ್ಕಪಕ್ಕದ ಮಾತಿನಿಂದ ಊಹಿಸಬಹುದಾದ ಪದ ಸರಿಹೋಗುತ್ತವೆ. ಬೇರೆ ತಪ್ಪು ಹೋಗುವುದಿಲ್ಲ. ಆವತ್ತು ಒಬ್ಬ ರೈತರು ಎದ್ದು, "ನೀರ್ ಬುಡಾಕಿಲ್ಲ ಅಂದ್ರೆ ನಾಟಿ ಎಂಗ್ ಮಾಡದು?" ಅಂತ ಕೇಳಿದರು. 4 ಸೆಕೆಂಡ್ ಕಾದರೂ, ಆಮೇಲೆ ರೆಕಾರ್ಡಿಂಗನ್ನು ಪೂರ್ತಿ ಕೊಟ್ಟು ನೋಡಿದರೂ ಅದು ಸರಿ ಬರಲಿಲ್ಲ. ಕನ್ನಡವನ್ನೇ ಬಹಳ ಕಡಿಮೆ ಕೇಳಿ ಬೆಳೆದ ಮಾಡೆಲ್‌ಗೆ 'ಬುಡು', 'ಎಂಗ್' ಹೊಸದು. ಇಂಥ ಕಡೆ ತಡ ಹೆಚ್ಚಿಸಿ ಏನೂ ಸಿಗದು. ಪ್ರಶ್ನೋತ್ತರದ ಹೊತ್ತಿಗೆ ಒಬ್ಬರು ಪಕ್ಕದಲ್ಲಿ ಕೂತು ಪ್ರಶ್ನೆಯ ಸಾರವನ್ನು ಕೀಲಿಮಣೆಯಲ್ಲಿ ಹೊಡೆಯುವುದೇ ಸರಿ.

ಗೋಡೆಯಿಂದ ಮರಳುವ ಸದ್ದೂ ಹಾಗೇ. ಕ್ಯಾಮೆರಾದ ಮೈಕ್ ಬಿಟ್ಟು ಮಿಕ್ಸರಿನಿಂದ ತಂತಿ ಎಳೆದರೆ ಸಿಗುವ ಲಾಭ, ಎಷ್ಟು ಸೆಕೆಂಡ್ ಕಾದರೂ ಸಿಗುವುದಿಲ್ಲ. ಇನ್ನು ಪ್ರಾರ್ಥನೆ, ಚಪ್ಪಾಳೆ, ಮೌನ. ಇಂಥ ಕಡೆ ವಿಸ್ಪರ್ ಯಾರೂ ಆಡದ ಮಾತನ್ನು ಬರೆಯುತ್ತದೆ, ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ಮನುಷ್ಯರ ಮಾತು ಇದೆಯೇ ಅಂತ ಮೊದಲು ನೋಡುವ ಸಿಲೆರೊ ವಿಎಡಿಯಂಥ ಸೋಸುಕವನ್ನು ಮುಂದೆ ಇಡಿ. ಹಾಡಿನ ಹೊತ್ತಿಗೆ ಕ್ಯಾಪ್ಷನ್ ಕೈಯಾರೆ ನಿಲ್ಲಿಸಿ.

ಎರಡರಲ್ಲಿ ಯಾವುದು ವಾಸಿ ಅಂತ ಅಳೆಯುವುದು

ಸಾಮಾನ್ಯವಾಗಿ ನೂರು ಪದಕ್ಕೆ ಎಷ್ಟು ಪದ ತಪ್ಪು ಅಂತ ಎಣಿಸುತ್ತಾರೆ. ಕನ್ನಡದಲ್ಲಿ ಆ ಲೆಕ್ಕ ದಾರಿ ತಪ್ಪಿಸುತ್ತದೆ. ನಮ್ಮ ವಾಕ್ಯ "ಈ ಸಲ ವಿಸಿ ನಾಲೆಗೆ ಗುರುವಾರ ದಿಂದ ನೀರು ಬಿಡೋದು" ಅಂತ ಬಂತು ಅಂದುಕೊಳ್ಳಿ. ಸರಿಯಾದ ವಾಕ್ಯದಲ್ಲಿ 7 ಪದ. 'ಗುರುವಾರ ದಿಂದ' ಅಂತ ನಡುವೆ ಜಾಗ ಬಿದ್ದಿದ್ದಕ್ಕೆ ಒಂದು ಪದ ಬದಲು, ಒಂದು ಪದ ಹೆಚ್ಚು: 2 ತಪ್ಪು. 'ಬಿಡೋದು'ಗೆ 1 ತಪ್ಪು. ಒಟ್ಟು 7ಕ್ಕೆ 3, ಅಂದರೆ ನೂರಕ್ಕೆ 43. ಓದುವವರಿಗೆ ಏನೂ ತೊಂದರೆ ಕೊಡದ ಜಾಗಕ್ಕೆ ಎರಡು ಅಂಕ ಹೋಯಿತು. ಸುದ್ದಿಯನ್ನೇ ಉಲ್ಟಾ ಮಾಡಿದ್ದಕ್ಕೆ ಒಂದೇ.

ಅದಕ್ಕೆ ನಾನು ಹೀಗೆ ಮಾಡುತ್ತೇನೆ. ಅದೇ ಊರಿನ, ಅದೇ ಥರದ ಸಭೆಯ 10 ನಿಮಿಷದ ರೆಕಾರ್ಡಿಂಗ್ ತೆಗೆದುಕೊಂಡು ಎರಡು ಸೆಟ್ಟಿಂಗಿನಲ್ಲೂ ಓಡಿಸುತ್ತೇನೆ. ಅದರಲ್ಲಿ ಬರುವ ಇಲ್ಲ-ಬೇಡ-ಬಾರದುಗಳು, ಅಂಕಿಗಳು, ವಾರ-ದಿನಾಂಕಗಳು, ಊರು-ನಾಲೆಗಳ ಹೆಸರು, ಇಷ್ಟನ್ನು ಮಾತ್ರ ಒಂದು ಹಾಳೆಯಲ್ಲಿ ಪಟ್ಟಿ ಮಾಡುತ್ತೇನೆ. ತೆರೆಯ ಮೇಲೆ ಒಂದು ಕ್ಷಣವಾದರೂ ತಪ್ಪಾಗಿ ಕಂಡದ್ದಕ್ಕೆ ಗೆರೆ ಎಳೆಯುತ್ತೇನೆ. ಆಮೇಲೆ ಸರಿಯಾಯಿತು ಅಂತ ಬಿಡುವುದಿಲ್ಲ. ಒಂದೊಂದು ಸೆಕೆಂಡ್ ತಡ ಹೆಚ್ಚಿಸುತ್ತಾ ಹೋಗಿ, ಗೆರೆ ಕಡಿಮೆಯಾಗುವುದು ನಿಂತ ಕಡೆ ನಿಲ್ಲಿಸುತ್ತೇನೆ.

ಮುಂದಿನ ಸಭೆಗೆ ಟಿವಿಯ ಮೇಲೆ ಹಾಳೆ ಅಂಟಿಸಿದ್ದೆ: "ಅಕ್ಷರ 4 ಸೆಕೆಂಡ್ ತಡವಾಗಿ ಬರುತ್ತದೆ." ಮಾತಾಡುವವರಿಗೂ ಹೇಳಿ, ದಿನ ಮತ್ತು ಅಂಕಿ ಹೇಳಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ಅವರು ನಿಲ್ಲುವ ಹಾಗೆ ಮಾಡಿಕೊಂಡೆ. ಚಿಕ್ಕಪ್ಪ ಆವತ್ತು ಪಕ್ಕದವರಿಗೆ ಹೇಳುವ ಮೊದಲು ಸಾಲು ಮುಗಿಯುವ ತನಕ ಕಾದರು.